ಉಳಿದವರ ಹೊಲ ಯಾವಾಗ ತೋರಿಸ್ತೀರಿ?

2013ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಒಂದು ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ಗಂಟೆ ಮಾತಾಡಿದ್ದೆ. ಪರೀಕ್ಷೆಗೆ ಓದುವುದು ಹೇಗೆ ಅನ್ನೋದು ವಿಷಯ. ನಾನು ಬಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುವವನು. ಅವತ್ತು ಮಕ್ಕಳಿಗೆ ಹೇಳಿದ ಮುಖ್ಯ ಮಾತು ಇದು: ಮನೋಬಲ ಅನ್ನೋದು ಕೊಡದಲ್ಲಿರುವ ನೀರಿನ ಹಾಗೆ. ಒಂದು ಕೆಲಸಕ್ಕೆ ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಅದಕ್ಕೆ ಗಣಿತ ಬೆಳಿಗ್ಗೆಯೇ ಮಾಡಿ, ದಣಿದು ಬಂದ ಮೇಲೆ ಕೂತರೆ ತಲೆಗೆ ಹತ್ತುವುದಿಲ್ಲ. ಇದು ವಿಜ್ಞಾನಿಗಳು ಪ್ರಯೋಗ ಮಾಡಿ ಕಂಡುಕೊಂಡದ್ದು ಅಂತಲೂ ಒತ್ತಿ ಹೇಳಿದ್ದೆ.

ಆರು ವರ್ಷ ಕಳೆದ ಮೇಲೆ ಆ ಶಾಲೆಯ ಒಬ್ಬ ಹುಡುಗಿ ನಮ್ಮ ಕಾಲೇಜಿಗೇ ಬಿ.ಎಡ್. ಓದಲು ಬಂದಳು. ಮೊದಲ ವಾರದಲ್ಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮಾತಾಡಿಸಿದಳು. "ಸರ್, ನೀವು ನಮ್ಮ ಸಾಲಿಗೆ ಬಂದಿದ್ರಿ. ನೀವು ಹೇಳಿದ್ದು ನನಗಿನ್ನೂ ನೆನಪದ ನೋಡ್ರಿ. ಅವತ್ತಿಂದ ನಾ ರಾತ್ರಿ ಗಣಿತ ಮುಟ್ಟಲೇ ಇಲ್ರೀ. ಹತ್ತಿ ಬಿಡಿಸಿ ಬಂದು, ರೊಟ್ಟಿ ಬಡಿದು, ಇನ್ನೇನು ಶಕ್ತಿ ಉಳಿದಿರ್ತದ ಅಂತ ಸುಮ್ನ ಮಲಗಿಬಿಡ್ತಿದ್ದೆ." ಬೆಳಿಗ್ಗೆ ಓದಬೇಕು ಅಂದ್ರೆ ನೀರು ತರುವುದು, ದನದ ಕೆಲಸ. ಹಾಗಾಗಿ ಗಣಿತ ಬೆಳಿಗ್ಗೆಯೂ ಆಗಲಿಲ್ಲ, ರಾತ್ರಿಯೂ ಆಗಲಿಲ್ಲ. 38 ಅಂಕ ಬಂದು ಪಾಸಾದಳಂತೆ.

ಅವಳು ಇದನ್ನು ದೂರಿನ ಹಾಗೆ ಹೇಳಲಿಲ್ಲ, ಗುರುಗಳ ಮಾತು ನಡೆಸಿಕೊಟ್ಟೆ ಅನ್ನುವ ಪ್ರೀತಿಯಿಂದಲೇ ಹೇಳಿದಳು. ನನ್ನ ಮಾತಿನಿಂದಲೇ ಅವಳಿಗೆ ಕಡಿಮೆ ಅಂಕ ಬಂತು ಅನ್ನೋಕೆ ಆಗಲ್ಲ. ಒಬ್ಬಳ ಕಥೆಯಿಂದ ಅಷ್ಟೆಲ್ಲಾ ತಿಳಿಯುವುದಿಲ್ಲ. ಆದರೆ ಅಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಗಿತ್ತು. ನಾನು ಅವತ್ತು ವಿಜ್ಞಾನ ಅಂತ ಹೇಳಿದ್ದು ದೊಡ್ಡ ಪರೀಕ್ಷೆಯಲ್ಲಿ ನಿಲ್ಲದೆ ಬಿದ್ದುಹೋಗಿತ್ತು. ಅದು ಹೇಗೆ ಬಿತ್ತು ಅನ್ನುವುದಕ್ಕಿಂತ ಅಷ್ಟು ವರ್ಷ ಹೇಗೆ ನಿಂತಿತ್ತು ಅನ್ನೋದೇ ನನ್ನನ್ನು ಜಾಸ್ತಿ ಕಾಡಿತು.

ಮೂಲಂಗಿ ಮತ್ತು ಬಿಸ್ಕತ್ತು

ನಾನು ಹೇಳಿದ್ದರ ಮೂಲ 1998ರ ಒಂದು ಪ್ರಯೋಗ. ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಅವರ ಜೊತೆಗಾರರು ಮಾಡಿದ್ದು. 67 ಕಾಲೇಜು ವಿದ್ಯಾರ್ಥಿಗಳು. ಒಂದು ಹೊತ್ತಿನ ಊಟ ಬಿಟ್ಟು ಬರಲು ಹೇಳಿದ್ದರು. ಕೋಣೆಯ ತುಂಬಾ ಆಗತಾನೇ ಸುಟ್ಟ ಚಾಕೊಲೇಟ್ ಬಿಸ್ಕತ್ತಿನ ಘಮ. ಮೇಜಿನ ಮೇಲೆ ಒಂದು ಕಡೆ ಆ ಬಿಸ್ಕತ್ತು, ಇನ್ನೊಂದು ಕಡೆ ಮೂಲಂಗಿ. ಕೆಲವರಿಗೆ ಬಿಸ್ಕತ್ತು ತಿನ್ನಿ ಅಂದರು, ಕೆಲವರಿಗೆ ಮೂಲಂಗಿ ಮಾತ್ರ ತಿನ್ನಿ ಅಂದರು. ಮೂರನೇ ಗುಂಪಿಗೆ ತಿಂಡಿಯ ಗೊಡವೆಯೇ ಇರಲಿಲ್ಲ. ಆಮೇಲೆ ಎಲ್ಲರಿಗೂ ಗೆರೆ ಎಳೆಯುವ ಒಗಟು ಕೊಟ್ಟರು. ಅವು ಬಿಡಿಸಲು ಬಾರದ ಒಗಟುಗಳು. ಎಷ್ಟು ಹೊತ್ತು ಬಿಡದೆ ಕೂರುತ್ತಾರೆ ಅನ್ನೋದೇ ಅಳತೆ. ಬಿಸ್ಕತ್ತು ತಿಂದವರು ಸುಮಾರು 19 ನಿಮಿಷ ಕೂತರು. ಏನೂ ತಿನ್ನದವರು 21 ನಿಮಿಷ. ಮೂಲಂಗಿಯವರು 8 ನಿಮಿಷಕ್ಕೇ ಕೈಬಿಟ್ಟರು. ಬಿಸ್ಕತ್ತಿನ ಆಸೆ ತಡೆದುಕೊಳ್ಳುವುದರಲ್ಲೇ ಮನೋಬಲ ಖರ್ಚಾಯಿತು, ಒಗಟಿಗೆ ಉಳಿಯಲಿಲ್ಲ ಅನ್ನೋದು ಅವರ ವಿವರಣೆ. ಇದಕ್ಕೆ ಈಗೋ ಡಿಪ್ಲೀಷನ್ ಅಂತ ಹೆಸರಿಟ್ಟರು.

ಕ್ಲಾಸಿನಲ್ಲಿ ಹೇಳಲು ಇದಕ್ಕಿಂತ ಚೆಂದದ ಕಥೆ ಬೇಕಾ? ನಾನು ವರ್ಷವೂ ಹೇಳುತ್ತಿದ್ದೆ. ಅದೊಂದೇ ಪ್ರಯೋಗ ಆಗಿದ್ದರೆ ಅನುಮಾನ ಬರುತ್ತಿತ್ತೇನೋ. ಆದರೆ 2010ರಲ್ಲಿ ಮಾರ್ಟಿನ್ ಹ್ಯಾಗರ್ ಮತ್ತು ಸಂಗಡಿಗರು ಈ ಬಗ್ಗೆ ಅಚ್ಚಾದದ್ದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ್ದರು. 198 ಹೋಲಿಕೆಗಳು. ಕೂಡಿಸಿದ ಪರಿಣಾಮ 0.62. ಇದನ್ನು ಹೀಗೆ ತಿಳಿಯಬಹುದು: ದಣಿಯದ ಗುಂಪಿನ ನೂರು ಜನರಲ್ಲಿ 73 ಜನ ದಣಿದ ಗುಂಪಿನ ಸರಾಸರಿಗಿಂತ ಚೆನ್ನಾಗಿ ಮಾಡುತ್ತಾರೆ. ಪರಿಣಾಮವೇ ಇಲ್ಲದಿದ್ದರೆ ಆ ಸಂಖ್ಯೆ 50 ಇರಬೇಕು. ಮನೋವಿಜ್ಞಾನದಲ್ಲಿ 73 ಅಂದ್ರೆ ದೊಡ್ಡ ವ್ಯತ್ಯಾಸವೇ.

ಆಮೇಲೆ ಅದೇ ಹ್ಯಾಗರ್ ಮುಂದೆ ನಿಂತು ಇನ್ನೊಂದು ಕೆಲಸ ಮಾಡಿದರು. ಅಚ್ಚಾದದ್ದನ್ನು ಕೂಡಿಸುವ ಬದಲು ಹೊಸದಾಗಿ ಪ್ರಯೋಗವನ್ನೇ ಮಾಡಿಸಿದರು. 23 ಪ್ರಯೋಗಾಲಯ, 2141 ಜನ, ಎಲ್ಲ ಕಡೆ ಒಂದೇ ವಿಧಾನ. ಏನು ಮಾಡಬೇಕು, ಹೇಗೆ ಲೆಕ್ಕ ಹಾಕಬೇಕು ಅನ್ನೋದನ್ನು ಮೊದಲೇ ಬರೆದಿಟ್ಟಿದ್ದರು. ಫಲಿತಾಂಶ 2016ರಲ್ಲಿ ಬಂತು. ಪರಿಣಾಮ 0.04. ಅಂದ್ರೆ ನೂರರಲ್ಲಿ 73 ಇದ್ದದ್ದು 51, 52ಕ್ಕೆ ಇಳಿಯಿತು. ಬೌಮೈಸ್ಟರ್ ಒಪ್ಪಲಿಲ್ಲ. ಅಲ್ಲಿ ಕೊಟ್ಟ ಕಂಪ್ಯೂಟರ್ ಕೆಲಸ ಮನೋಬಲವನ್ನು ಖರ್ಚು ಮಾಡುವಂಥದ್ದೇ ಅಲ್ಲ ಅಂದರು. ಅದು ತಳ್ಳಿಹಾಕುವ ಮಾತಲ್ಲ. ಬೇರೆ ಬೀಜ ಬಿತ್ತಿ ಈ ತಳಿ ಬೆಳೆಯಲ್ಲ ಅಂದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಅವರ ಜೊತೆಯೇ ವರ್ಷಗಟ್ಟಲೆ ಈ ವಿಷಯದಲ್ಲಿ ಕೆಲಸ ಮಾಡಿದ್ದ ಕ್ಯಾಥ್ಲೀನ್ ವೋಸ್ ಇನ್ನೂ ದೊಡ್ಡ ಪ್ರಯೋಗದ ಮುಂದಾಳತ್ವ ವಹಿಸಿದರು. 36 ಪ್ರಯೋಗಾಲಯ, 3531 ಜನ. 2021ರಲ್ಲಿ ಬಂದ ಉತ್ತರ 0.06.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ದಣಿವು ಸುಳ್ಳು ಅಂತ ಯಾರೂ ಹೇಳಿಲ್ಲ. ಇಡೀ ದಿನ ಹತ್ತಿ ಬಿಡಿಸಿದ ಮೈಗೆ ದಣಿವಾಗುತ್ತದೆ, ನಿದ್ದೆ ಬರುತ್ತದೆ. ಬಿದ್ದದ್ದು ಬೇರೆಯ ಮಾತು. ಕೆಲವು ನಿಮಿಷ ಮನಸ್ಸನ್ನು ಬಿಗಿ ಹಿಡಿದರೆ ಅದಕ್ಕೆ ಸಂಬಂಧವೇ ಇಲ್ಲದ ಮುಂದಿನ ಕೆಲಸಕ್ಕೆ ಮನೋಬಲ ಸಾಲುವುದಿಲ್ಲ ಅನ್ನೋ ಮಾತು ಅದು. ನಾನು ಮಕ್ಕಳ ಮುಂದೆ ಎರಡನ್ನೂ ಕಲಸಿ ಹೇಳಿದ್ದೆ.

ಕಾಕಾನ ಪ್ರಶ್ನೆ

198 ಹೋಲಿಕೆ ಒಂದು ಕಡೆ ವಾಲುವುದು, ಹೊಸದಾಗಿ ಅಳೆದರೆ ಹತ್ತಿರ ಹತ್ತಿರ ಸೊನ್ನೆ ಬರುವುದು, ಇದು ಹೇಗೆ ಸಾಧ್ಯ ಅಂತ ಯೋಚಿಸುವಾಗ ನನಗೆ ನೆನಪಾದದ್ದು ನಮ್ಮ ಕಾಕಾ. ಸುಮಾರು ವರ್ಷಗಳ ಹಿಂದೆ ಒಂದು ಬೀಜದ ಕಂಪನಿಯವರು ನಮ್ಮೂರಿನ ರೈತರನ್ನು ಗಾಡಿ ಮಾಡಿ ಕರೆದುಕೊಂಡು ಹೋದರು. ಕ್ಷೇತ್ರೋತ್ಸವ ಅಂತ. ರಸ್ತೆ ಪಕ್ಕದ ಹೊಲ, ಮುಂದೆ ದೊಡ್ಡ ಬೋರ್ಡು, ಗಿಡದ ತುಂಬಾ ಹತ್ತಿ ಕಾಯಿ. ಒಂದು ಗಿಡಕ್ಕೆ ಎಷ್ಟು ಕಾಯಿ ಅಂತ ಎಲ್ಲರ ಕೈಲಿ ಎಣಿಸಿದರು. ಆ ಹೊಲದ ರೈತನಿಗೆ ಶಾಲು ಹೊದಿಸಿದರು. ಊಟದ ಹೊತ್ತಿಗೆ ಕಾಕಾ ಆ ಕಂಪನಿಯ ಹುಡುಗನನ್ನು ಕೇಳಿದ: "ಈ ಬೀಜ ಎಷ್ಟು ಮಂದಿಗೆ ಕೊಟ್ಟಿದ್ರಿ ತಮ್ಮಾ?" ಐವತ್ತು ಜನರಿಗೆ ಅಂದ ಅವನು. "ಹಂಗಾದ್ರ ಉಳಿದ ನಲವತ್ತೊಂಬತ್ತು ಮಂದಿ ಹೊಲ ಯಾವಾಗ ತೋರಿಸ್ತೀರಿ?"

ಬೋರ್ಡು ಹಾಕಿದ ಹೊಲ ಸುಳ್ಳಲ್ಲ. ಕಾಯಿ ನಾವೇ ಎಣಿಸಿದ್ದೆವು. ಆದರೆ ಆ ಹೊಲ ಕಾಲುವೆಯ ಮೇಲ್ಭಾಗದ್ದಾ, ಟೇಲೆಂಡಿನದ್ದಾ? ಮಣ್ಣು ಹೇಗಿತ್ತು? ಬೀಜದಿಂದ ಬಂದದ್ದು ಎಷ್ಟು, ಅದೃಷ್ಟದಿಂದ ಬಂದದ್ದು ಎಷ್ಟು? ಉಳಿದ ಹೊಲಗಳನ್ನು ನೋಡದೆ ಅದು ತಿಳಿಯುವುದಿಲ್ಲ. ಮನೋವಿಜ್ಞಾನದ ಪತ್ರಿಕೆಗಳೂ ಬಹಳ ಕಾಲ ಬೋರ್ಡು ಹಾಕಿದ ಹೊಲಗಳನ್ನೇ ತೋರಿಸಿದವು. ವ್ಯತ್ಯಾಸ ಕಂಡರೆ ಅಚ್ಚು, ಕಾಣದಿದ್ದರೆ ಬೀರು.

ಇದನ್ನು ಬಿ.ಎಡ್. ಮಕ್ಕಳಿಗೆ ಹೇಗೆ ತೋರಿಸೋದು ಅಂತ ಯೋಚಿಸಿ ಒಂದು ದಿನ ಎಲ್ಲರಿಗೂ ಒಂದೊಂದು ರೂಪಾಯಿ ನಾಣ್ಯ ತರಲು ಹೇಳಿದೆ. 48 ಜನ ಇದ್ದರು. ಪ್ರತಿಯೊಬ್ಬರೂ 20 ಸಲ ನಾಣ್ಯ ಚಿಮ್ಮಬೇಕು, ರಾಜ ಎಷ್ಟು ಸಲ ಬಿತ್ತು ಅಂತ ಬರೆಯಬೇಕು. ನಾಣ್ಯ ಸರಿಯಾಗಿದ್ದರೆ 15 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ 5 ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ ನೂರಕ್ಕೆ 4ರಷ್ಟು. ಸಂಶೋಧನೆಯಲ್ಲಿ ನಾವು ಬಳಸುವ p < 0.05 ಅನ್ನುವ ಗೆರೆ ಇದೇ. ಏನೂ ಇಲ್ಲದಿದ್ದರೂ ನೂರರಲ್ಲಿ ಐದು ಸಲದೊಳಗೆ ಮಾತ್ರ ಹೀಗೆ ಬಂದೀತು ಅನ್ನುವಷ್ಟು ವಾಲಿದ್ದರೆ, ಏನೋ ಇದೆ ಅಂತ ಬರೆಯಬಹುದು. 48 ಜನರಲ್ಲಿ ಇಬ್ಬರಿಗೆ ಹಾಗೆ ಬೀಳಬಹುದು ಅಂತ ನನ್ನ ಲೆಕ್ಕ. ಬಿದ್ದದ್ದು ಮೂವರಿಗೆ. ಒಬ್ಬಳಿಗೆ 16 ರಾಜ. ಈ ಮೂವರ ಹಾಳೆಯನ್ನಷ್ಟೇ ಗೋಡೆಗೆ ಅಂಟಿಸಿ, ಉಳಿದ 45 ಹಾಳೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗೋಡೆ ಮಾತ್ರ ನೋಡಿದವರು ಈ ಕ್ಲಾಸಿನಲ್ಲಿ ನಾಣ್ಯವನ್ನು ಮಾತು ಕೇಳಿಸುವವರು ಮೂವರಿದ್ದಾರೆ ಅಂದುಕೊಳ್ಳುತ್ತಾರೆ. ಮರುದಿನ ಆ ಮೂವರಿಂದ ಮತ್ತೆ ಚಿಮ್ಮಿಸಿದೆ. 9, 11, 8 ಬಂತು.

ಆದರೆ ಅವತ್ತಿನ ದೊಡ್ಡ ಪಾಠ ನಾನು ಯೋಜಿಸಿದ್ದಲ್ಲ. ಮೊದಲ ದಿನವೇ ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ 20ಕ್ಕೆ 13 ಬಿದ್ದಿತ್ತು. "ಸರ್, ಇನ್ನ ಹತ್ತು ಸಲ ಚಿಮ್ಮಲೇನ್ರಿ? ಸಮೀಪ ಬಂದದ" ಅಂದ. ಆಗಲಿ ಅಂದೆ. 30ಕ್ಕೆ 20 ಆಯಿತು. ಇನ್ನೂ ಗೆರೆ ದಾಟಲಿಲ್ಲ. ಇನ್ನು ಹತ್ತು ಅಂದ. 40ಕ್ಕೆ 27. ಗೆರೆ ದಾಟಿತು, ಹಿಂದಿನ ಬೆಂಚೆಲ್ಲ ಚಪ್ಪಾಳೆ. "ಈಗ ನಿಲ್ಲಿಸಲೇನ್ರಿ?" ಅಂತ ಕೇಳಿದ. ಇನ್ನೊಂದು ಹತ್ತು ಚಿಮ್ಮು ಅಂದೆ. ನಾಲ್ಕು ಬಿತ್ತು. 50ಕ್ಕೆ 31, ಮತ್ತೆ ಗೆರೆಯ ಈಚೆಗೇ ಬಂದ.

ಅವನು ಮೋಸ ಮಾಡಲಿಲ್ಲ. ಪ್ರತಿ ಸಲವೂ ಎಲ್ಲರ ಎದುರೇ ಚಿಮ್ಮಿದ. ತಪ್ಪಿದ್ದದ್ದು ಒಂದೇ ಕಡೆ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಫಲಿತಾಂಶ ನೋಡಿ ತೀರ್ಮಾನಿಸುವುದರಲ್ಲಿ. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಇದನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ ತೋರಿಸಿದರು. ಗುಂಪಿಗೆ 20 ಜನರಿಂದ ಶುರು ಮಾಡಿ, ಉತ್ತರ ಬರದಿದ್ದರೆ ಗುಂಪಿಗೆ ಇನ್ನೂ 10 ಜನರನ್ನು ಸೇರಿಸಿದರೆ ಸಾಕು, ನೂರಕ್ಕೆ 5 ಇರಬೇಕಾದ ಸುಳ್ಳು ಗೆಲುವು 7.7ಕ್ಕೆ ಏರುತ್ತದೆ. ಅದರ ಜೊತೆ ಎರಡು ಅಳತೆ ತೆಗೆದು ಚೆನ್ನಾಗಿ ಬಂದದ್ದನ್ನು ಬರೆದರೆ, ಗಂಡು ಹೆಣ್ಣು ಬೇರೆ ಮಾಡಿ ನೋಡಿದರೆ, ಮೂರು ಗುಂಪಿನಲ್ಲಿ ಒಂದನ್ನು ಕೈಬಿಟ್ಟರೆ, ಎಲ್ಲ ಸೇರಿ ಸುಮಾರು 61. ಏನೂ ಇಲ್ಲದ ಕಡೆ ನೂರರಲ್ಲಿ 61 ಸಲ ಏನೋ ಸಿಗುತ್ತದೆ! ಇದನ್ನು ಓದಿದ ದಿನ ನಾನು ಹಳೆಯ ಎಂ.ಎಡ್. ಪ್ರಬಂಧಗಳನ್ನು ಬೀರುವಿನಿಂದ ತೆಗೆದು ನೋಡಿದೆ. ನಾನೇ ಮಾರ್ಗದರ್ಶನ ಮಾಡಿದವು. "ಲಿಂಗವಾರು ನೋಡಮ್ಮಾ, ಏನಾದ್ರೂ ಸಿಗಬಹುದು" ಅಂತ ನಾನು ಎಷ್ಟು ಮಕ್ಕಳಿಗೆ ಹೇಳಿದ್ದೆನೋ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಆ ಹಾಳೆಗಳನ್ನು ಮಡಿಸಿಡುವಾಗ ನಿಜವಾಗಿ ನೋವಾಯಿತು.

ಸಣ್ಣ ತಕ್ಕಡಿ

ಇನ್ನೊಂದು ಕಾರಣ ಕಡಿಮೆ ಜನರಿಗೆ ಗೊತ್ತು. ನನಗೂ ತಡವಾಗಿಯೇ ಅರ್ಥವಾಯಿತು. ಗುಂಪಿಗೆ 20 ಜನರಂತೆ ಎರಡು ಗುಂಪು ಇಟ್ಟುಕೊಂಡು ಪ್ರಯೋಗ ಮಾಡಿದರೆ, ನಿಮ್ಮ ಕಣ್ಣಿಗೆ ಬಿದ್ದ ವ್ಯತ್ಯಾಸ 0.64ಕ್ಕಿಂತ ದೊಡ್ಡದಿದ್ದರೆ ಮಾತ್ರ ಅದು 0.05ರ ಗೆರೆ ದಾಟುತ್ತದೆ. ಇದು ಬರೀ ಗಣಿತ. ಈಗ ನಿಜವಾದ ಪರಿಣಾಮ 0.2 ಅಂತಿಟ್ಟುಕೊಳ್ಳಿ. ಅದೃಷ್ಟ ಚೆನ್ನಾಗಿದ್ದು 0.7 ಕಂಡವನ ಲೇಖನ ಅಚ್ಚಾಗುತ್ತದೆ. ನಿಜಕ್ಕೆ ಹತ್ತಿರ, 0.2 ಕಂಡವನದು ಬೀರು ಸೇರುತ್ತದೆ. ಅಂದ್ರೆ ಸಣ್ಣ ಪ್ರಯೋಗದಲ್ಲಿ ನಿಜ ಹೇಳಿದವನೇ ಅಚ್ಚಾಗುವುದಿಲ್ಲ. ಅಚ್ಚಾದದ್ದನ್ನಷ್ಟೇ ಕೂಡಿಸಿದರೆ ಸರಾಸರಿ ಉಬ್ಬಿಯೇ ಇರುತ್ತದೆ. 2010ರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಕೂಡಿಸಲು ಸಿಕ್ಕ ಹೊಲಗಳೇ ಆರಿಸಿದವು.

ನಿಜವಾದ ಪರಿಣಾಮ 0.4 ಇದ್ದರೆ, ಹತ್ತರಲ್ಲಿ ಎಂಟು ಸಲ ಅದನ್ನು ಹಿಡಿಯಲು ಗುಂಪಿಗೆ ಸುಮಾರು 100 ಜನ ಬೇಕು. 0.2 ಆದರೆ ಸುಮಾರು 400. ಒಂದು ಕಾಲೇಜಿನಿಂದ ಆಗುವ ಮಾತಲ್ಲ. ಅದಕ್ಕೇ ಹತ್ತಾರು ಪ್ರಯೋಗಾಲಯಗಳು ಕೈ ಜೋಡಿಸುವುದು.

ಹಾಗಂತ ಎಲ್ಲವೂ ಬಿದ್ದಿಲ್ಲ. 2015ರಲ್ಲಿ ಮನೋವಿಜ್ಞಾನದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, ಮೊದಲು 97ರಲ್ಲಿ ಗೆರೆ ದಾಟಿದ್ದದ್ದು ಮತ್ತೆ ಮಾಡಿದಾಗ ನೂರಕ್ಕೆ 36ರಷ್ಟರಲ್ಲಿ ಮಾತ್ರ ದಾಟಿತು. ಅದು ದೊಡ್ಡ ಪೆಟ್ಟು. ಆದರೆ ಮೊದಲು ಕೇಳಿದ ಯಾವುದೋ ಸಂಖ್ಯೆಯ ಕಡೆ ನಮ್ಮ ಅಂದಾಜು ವಾಲುತ್ತದಲ್ಲ, ಅದು ಹೊಸದಾಗಿ ಪರೀಕ್ಷಿಸಿದ ಕಡೆ ಗಟ್ಟಿಯಾಗಿ ನಿಂತಿತು. ಕೆಂಪು ಶಾಯಿಯಲ್ಲಿ "ನೀಲಿ" ಅಂತ ಬರೆದು ಬಣ್ಣ ಹೇಳಿ ಅಂದರೆ ಎಲ್ಲರೂ ತಡವರಿಸುತ್ತಾರೆ. ಅದನ್ನು ನೀವು ರಾಯಚೂರಿನ ಯಾವ ಕ್ಲಾಸಿನಲ್ಲಾದರೂ ಮಾಡಿ ನೋಡಬಹುದು. ಹಾಗಾಗಿ ಮನೋವಿಜ್ಞಾನವೇ ಸುಳ್ಳು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತನ್ನ ಬೀರುವಿಗೆ ತಾನೇ ಬೀಗ ತೆಗೆದ ಶಾಸ್ತ್ರ ಇದು.

ಲಕೋಟೆ

ಆ ಹುಡುಗಿಗೆ ನಾನು ಇದೆಲ್ಲ ಹೇಳಿದೆ, ತಪ್ಪಾಯಿತು ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಕ್ರಿಯಾ ಸಂಶೋಧನೆಗೆ ನಾ ಇದನ್ನ ಮಾಡ್ಲೇನ್ರಿ?" ಅಂದಳು. ಬೋಧನಾ ಅಭ್ಯಾಸಕ್ಕೆ ಹೋದ ಶಾಲೆಯಲ್ಲಿ ಎಂಟನೇ ತರಗತಿಯ 42 ಮಕ್ಕಳಿದ್ದರು. ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ಗಣಿತ ಕೆಡಿಸುತ್ತಾರಾ ಅನ್ನೋದು ಅವಳ ಪ್ರಶ್ನೆ. ಇದು ಬೌಮೈಸ್ಟರ್ ಕೇಳಿದ ಪ್ರಶ್ನೆ ಅಲ್ಲ. ಕೊನೆಯ ಪಿರಿಯಡ್ಡು ಅಂದ್ರೆ ಬಿಸಿಲು, ಬಿಸಿಯೂಟ, ಮನೆಗೆ ಹೋಗುವ ಆತುರ ಎಲ್ಲ ಸೇರಿರುತ್ತದೆ. ಆದರೆ ಅವಳಿಗೆ ಬೇಕಿದ್ದ ಪ್ರಶ್ನೆ ಅದೇ.

20 ಅಂಕದ ಎರಡು ಪ್ರಶ್ನೆಪತ್ರಿಕೆ ಮಾಡಿದಳು. ಅರ್ಧ ಮಕ್ಕಳಿಗೆ ಮೊದಲನೆಯದು ಬೆಳಿಗ್ಗೆ, ಎರಡನೆಯದು ಸಂಜೆ. ಇನ್ನರ್ಧಕ್ಕೆ ತಿರುಗಾಮುರುಗಾ. ಯಾರು ಯಾವ ಅರ್ಧ ಅಂತ ಚೀಟಿ ಎತ್ತಿದಳು. ಹೀಗೆ ಮಾಡಿದರೆ ಒಂದು ಪತ್ರಿಕೆ ಸ್ವಲ್ಪ ಸುಲಭವಾಗಿದ್ದರೂ ಅದು ಬೆಳಿಗ್ಗೆಯ ಲೆಕ್ಕಕ್ಕೋ ಸಂಜೆಯ ಲೆಕ್ಕಕ್ಕೋ ಸೇರಿಬಿಡುವುದಿಲ್ಲ. ಪ್ರತಿ ಮಗುವನ್ನೂ ಅದರ ಜೊತೆಯೇ ಹೋಲಿಸುವುದರಿಂದ ಜಾಣ ದಡ್ಡ ಅನ್ನುವ ವ್ಯತ್ಯಾಸವೂ ಅಡ್ಡ ಬರುವುದಿಲ್ಲ. ಆಮೇಲೆ ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಎಷ್ಟು ಮಕ್ಕಳು, ಯಾವ ದಿನ, ಯಾವ ಅಂಕವನ್ನು ಹೋಲಿಸುತ್ತೇವೆ, ಒಂದು ಹೊತ್ತು ಗೈರಾದ ಮಗುವನ್ನು ಏನು ಮಾಡುತ್ತೇವೆ. 42 ಮಕ್ಕಳಿಂದ ಸುಮಾರು ಒಂದೂವರೆ ಅಂಕದ ವ್ಯತ್ಯಾಸವಿದ್ದರೆ ಮಾತ್ರ ಹಿಡಿಯಬಹುದು, ಅದಕ್ಕಿಂತ ಸಣ್ಣದು ನಮ್ಮ ತಕ್ಕಡಿಗೆ ತಿಳಿಯದೇ ಹೋಗಬಹುದು ಅಂತಲೂ ಬರೆದೆವು. ಹಾಳೆಯನ್ನು ಲಕೋಟೆಗೆ ಹಾಕಿ, ತಾರೀಖು ಬರೆದು, ಶಾಲೆಯ ಮುಖ್ಯಗುರುಗಳ ಬೀರುವಿನಲ್ಲಿ ಇಟ್ಟೆವು. ದೊಡ್ಡ ಸಂಶೋಧಕರು ಇದನ್ನೇ osf.io ತಾಣದಲ್ಲಿ ಮಾಡುತ್ತಾರೆ. ಅಲ್ಲಿ ಹಾಕಿದ ಯೋಜನೆಗೆ ತಾರೀಖಿನ ಮುದ್ರೆ ಬೀಳುತ್ತದೆ, ಆಮೇಲೆ ಬದಲಿಸಿದರೆ ಗೊತ್ತಾಗುತ್ತದೆ. ಕೆಲವು ಪತ್ರಿಕೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಪ್ರಯೋಗ ಶುರುವಾಗುವ ಮೊದಲೇ ಯೋಜನೆ ಓದಿ, ಹೇಳಿದ ಹಾಗೆ ಮಾಡಿದರೆ ಉತ್ತರ ಏನೇ ಬರಲಿ ಅಚ್ಚು ಹಾಕುತ್ತೇವೆ ಅಂತ ಮಾತು ಕೊಡುತ್ತವೆ. ಅಂಥ ಮನೋವಿಜ್ಞಾನ ಲೇಖನಗಳನ್ನು 2021ರಲ್ಲಿ ಎಣಿಸಿದಾಗ, ಅಂದುಕೊಂಡದ್ದೇ ನಿಜವಾದದ್ದು ನೂರಕ್ಕೆ 44ರಲ್ಲಿ ಮಾತ್ರ. ಮಾಮೂಲಿ ಲೇಖನಗಳಲ್ಲಿ ಅದು 96. ಈ ಎರಡು ಅಂಕಿಗಳ ನಡುವಿನ ಜಾಗದಲ್ಲೇ ಆ ನಲವತ್ತೊಂಬತ್ತು ಹೊಲಗಳಿವೆ ಅಂತ ನನಗನಿಸುತ್ತದೆ.

ಫಲಿತಾಂಶ ಬಂತು. ಬೆಳಿಗ್ಗೆ ಸರಾಸರಿ 11.6, ಸಂಜೆ 11.2. ಗೆರೆ ದಾಟಲಿಲ್ಲ. ಎರಡು ದಿನ ಬಿಟ್ಟು ಓಡಿಬಂದಳು. "ಸರ್, ಹುಡುಗಿಯರನ್ನಷ್ಟೇ ತಗೊಂಡ್ರ ವ್ಯತ್ಯಾಸ ಜಾಸ್ತಿ ಬರ್ತದ್ರಿ! ಗೆರೆನೂ ದಾಟ್ತದ!" ಅವಳ ಕಣ್ಣು ಹೊಳೆಯುತ್ತಿತ್ತು. ಮನೆಗೆಲಸ ಮಾಡಿ ಶಾಲೆಗೆ ಬರುವ ಹುಡುಗಿಯರ ಬಗ್ಗೆ ಅವಳಿಗೆ ಹೇಳುವುದು ಬಹಳವಿತ್ತು, ಅದು ನನಗೂ ಗೊತ್ತಿತ್ತು. ನಿಜವೇ ಇರಬಹುದು ಅಂತ ನನಗೂ ಅನಿಸಿತು. ಹಾಗನಿಸಿದ್ದಕ್ಕೇ ಹೆದರಿಕೆಯೂ ಆಯಿತು. ಲಕೋಟೆ ತರಿಸಿ ಒಡೆದೆವು. ಹುಡುಗಿಯರ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಅವಳು ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ವರದಿಯಲ್ಲಿ ಹೀಗೆ ಬರೆದಳು: ಬೆಳಿಗ್ಗೆ ಮತ್ತು ಸಂಜೆಯ ನಡುವೆ ವ್ಯತ್ಯಾಸ ಇದೆಯೋ ಇಲ್ಲವೋ ಈ 42 ಮಕ್ಕಳಿಂದ ಹೇಳಲಾಗದು. ಇದ್ದರೆ ಅದು ಬೆಳಿಗ್ಗೆಯ ಕಡೆ ಹೆಚ್ಚೆಂದರೆ ಒಂದೂವರೆ ಅಂಕದ ಒಳಗೆ ಇರಬಹುದು. ಹುಡುಗಿಯರಲ್ಲಿ ಜಾಸ್ತಿ ಕಂಡಿತು, ಆದರೆ ಅದನ್ನು ನೋಡಬೇಕು ಅಂತ ನಾವು ಮೊದಲು ಯೋಚಿಸಿರಲಿಲ್ಲ, ಬೇರೆ ಮಕ್ಕಳಲ್ಲಿ ಮತ್ತೆ ಪರೀಕ್ಷಿಸಬೇಕು. 42 ಮಕ್ಕಳ ಅಂಕಗಳನ್ನೂ ಹೆಸರು ತೆಗೆದು ಕೊನೆಯ ಪುಟದಲ್ಲಿ ಅಂಟಿಸಿದಳು, ಯಾರು ಬೇಕಾದರೂ ಲೆಕ್ಕ ಹಾಕಿ ನೋಡಲಿ ಅಂತ. ಒಡೆದ ಲಕೋಟೆಯನ್ನು ಮೊದಲ ಪುಟಕ್ಕೆ ಪಿನ್ ಮಾಡಿದಳು.

ಮುಂದಿನ ವರ್ಷದ ತಂಡದಲ್ಲಿ ಇಬ್ಬರು ಆ ವರದಿ ಓದಿ ನನ್ನ ಹತ್ತಿರ ಬಂದರು. ಮೂರು ಶಾಲೆ, ಹುಡುಗಿಯರು ಮಾತ್ರ, ಅದೇ ಎರಡು ಪ್ರಶ್ನೆಪತ್ರಿಕೆ. ಎಷ್ಟು ಮಕ್ಕಳು ಬೇಕಾಗುತ್ತಾರೆ ಅಂತ ಕೇಳಿದರು. ಕುರ್ಚಿ ಎಳೆದು ಕೂರಿಸಿದೆ. ಮೊದಲು ಹಾಳೆ ತೆಗೆಯಿರಿ, ತಾರೀಖು ಬರೆಯಿರಿ ಅಂದೆ.